ಹತ್ತಕ್ಕೆ ಒಂದು ಫ್ರೀ

ನಮ್ಮ ಅತ್ತಿಗೆ ಹಲಸಿನ ಹಪ್ಪಳದಲ್ಲಿ ಗಟ್ಟಿಗಿತ್ತಿ. ನಾನು ಮಾತಿನಲ್ಲಿ ಗಟ್ಟಿಗನೆಂಬ ತಪ್ಪು ತಿಳಿವಳಿಕೆ ಮನೆಯಲ್ಲಿತ್ತು. ಹಾಗಾಗಿ ಸಾಗರದಿಂದ ಶಿವಮೊಗ್ಗದ ಡಿಸ್ಟ್ರಿಬ್ಯೂಟರ್ ಬಳಿಗೆ ನನ್ನನ್ನೇ ಬಸ್ಸು ಹತ್ತಿಸಿದರು.

ನಿವೃತ್ತ ಕನ್ನಡ ಮೇಷ್ಟ್ರಲ್ಲವೇ, ಪರಿಚಯಪತ್ರದಲ್ಲಿ ಎರಡೂವರೆ ಪುಟ ಹಲಸಿನ ವರ್ಣನೆ ಮಾಡಿದ್ದೆ. ಸಾಹುಕಾರರು ಅದನ್ನೆಲ್ಲ ಹಾರಿಸಿ ಕೊನೆಯ ಮೂರು ಸಾಲಿಗೆ ಬಂದರು. ಎಂಆರ್‌ಪಿ 120 ರೂಪಾಯಿ. ನಾಲ್ಕು ಬಾಕ್ಸ್‌ವರೆಗೆ ಪ್ಯಾಕೆಟ್ಟಿಗೆ 88, ಐದರಿಂದ ಒಂಬತ್ತಕ್ಕೆ 85, ಹತ್ತು ಮುಟ್ಟಿದರೆ 82.

"ಅಬ್ಬಾ, ನಿಮಗೆ 38 ರೂಪಾಯಿ ಲಾಭ!" ಎಂದೆ.

"ಅಂಗಡಿಯವನಿಗೆ ಎಂಆರ್‌ಪಿ ಮೇಲೆ ಇಪ್ಪತ್ತು ಪರ್ಸೆಂಟ್ ಬಿಡಬೇಕು ಮೇಷ್ಟ್ರೇ. ನಾನು ಅವನಿಗೆ ಕೊಡೋದು 96ಕ್ಕೆ. ನನಗೆ ಉಳಿಯೋದು ಹದಿನಾಲ್ಕು. ಅದರಲ್ಲೇ ಆಟೋ, ಹುಡುಗನ ಸಂಬಳ, ಅಂಗಡಿಯವರ ಉದ್ರಿ. ಹತ್ತಕ್ಕೆ ಒಂದು ಫ್ರೀ ಕೊಡಿ. ತಿಂಗಳಿಗೆ ಹತ್ತು ಬಾಕ್ಸ್ ಎತ್ತುತ್ತೀನಿ."

ಕನಿಕರ ಉಕ್ಕಿ ಬಂದು ಒಪ್ಪಿಬಿಟ್ಟೆ.

ರಾತ್ರಿ ಅತ್ತಿಗೆ ಕ್ಯಾಲೆಂಡರಿನ ಬೆನ್ನ ಮೇಲೆ ಲೆಕ್ಕ ಹಾಕಿದರು. ಹನ್ನೊಂದು ಪ್ಯಾಕೆಟ್ಟಿಗೆ 820 ಬಂದರೆ ಒಂದಕ್ಕೆ ಸಿಗುವುದು 74 ರೂಪಾಯಿ ಚಿಲ್ಲರೆ. ಪ್ಯಾಕಿಂಗ್ ಸೇರಿ ಅಸಲೇ 70. ಉಳಿದ ನಾಲ್ಕೂವರೆ ರೂಪಾಯಿಯಲ್ಲಿ ಬಸ್ಸಿನ ಲಗೇಜು, ಮುರಿದು ವಾಪಸಾಗುವ ಹಪ್ಪಳ, ಮತ್ತು ನಾನು.

"ಹತ್ತನ್ನೂ ಒಂದೇ ಸಲ ಎತ್ತುತ್ತಾರಂತಾ?"

ಅದನ್ನು ನಾನು ಕೇಳಿರಲಿಲ್ಲ. ಮರುದಿನ ಫೋನು ಮಾಡಿದರೆ, "ವಾರಕ್ಕೆ ಎರಡೆರಡು ಕಳಿಸಿ, ಕೊನೇ ವಾರ ನಾಲ್ಕು. ಒಟ್ಟು ಹತ್ತೇ ಅಲ್ವಾ?" ಅಂದರು. ಅಂದರೆ ತರಿಸುವುದು ಎರಡು, ರೇಟು ಹತ್ತರದ್ದು. ಮೂರನೇ ವಾರ ಅವರು ಸುಮ್ಮನಾದರೆ ನಾವು ಯಾರ ಹತ್ತಿರ ವಸೂಲಿ ಮಾಡುವುದು?

ಹೊಸ ಪತ್ರವನ್ನು ಅತ್ತಿಗೆಯೇ ಹೇಳಿ ಬರೆಸಿದರು. ಅರ್ಧ ಪುಟ, ಹಲಸಿನ ಮರವೇ ಇಲ್ಲ. ಫ್ರೀ ರದ್ದು. ಬಿಲ್ಲು ಯಾವಾಗಲೂ 88ಕ್ಕೇ. ತಿಂಗಳ ಕೊನೆಗೆ ಹತ್ತು ಬಾಕ್ಸ್ ಆಗಿದ್ದರೆ ಪ್ಯಾಕೆಟ್ಟಿಗೆ ಆರು ರೂಪಾಯಿ ಮುಂದಿನ ಬಿಲ್ಲಿನಲ್ಲಿ ವಜಾ. ಬಾಕ್ಸಿಗೆ 24 ಪ್ಯಾಕೆಟ್‌ನಂತೆ ಹತ್ತು ಬಾಕ್ಸಿಗೆ 1,440 ರೂಪಾಯಿ. ಹತ್ತು ತರಿಸಿದವರಿಗೆ ಹತ್ತರ ರೇಟು, ತಕರಾರಿಲ್ಲ.

ಸ್ಯಾಂಪಲ್ಲಿಗೂ ಶಾಸ್ತ್ರವಿತ್ತು. ನಾನು ಮೊದಲ ಸಲ ಡಬ್ಬದಲ್ಲಿ ಕರಿದ ಹಪ್ಪಳ ಒಯ್ದಿದ್ದೆ. ಮಳೆಗಾಲದ ಬಸ್ಸಿನಲ್ಲಿ ಅದು ಹಪ್ಪಳತನ ಬಿಟ್ಟು ಚರ್ಮವಾಗಿತ್ತು. ಈ ಸಲ ಮಾರುವ ಪ್ಯಾಕೆಟ್ಟನ್ನೇ ಕಳಿಸಿದೆವು. ಎಫ್‌ಎಸ್‌ಎಸ್‌ಎಐ ನಂಬರು, ಪ್ಯಾಕ್ ಮಾಡಿದ ತಾರೀಖು, ಬೆಲೆ ಎಲ್ಲ ಅದರ ಮೇಲೇ ಇತ್ತು. ರುಚಿಗೆ ಎರಡು ಪ್ಯಾಕೆಟ್ ಪುಕ್ಕಟೆ. ಅಂಗಡಿಗಳಲ್ಲಿ ಇಟ್ಟು ನೋಡಲು ಒಂದು ಬಾಕ್ಸ್ ದುಡ್ಡಿಗೆ, ಉಳಿದದ್ದು ತಿಂಗಳೊಳಗೆ ವಾಪಸ್.

ವಾರದಲ್ಲಿ ಸಾಹುಕಾರರ ಫೋನು ಬಂತು. "ಮೇಷ್ಟ್ರೇ, ಎರಡೂ ಮನೇಲೇ ಮುಗೀತು. ಇನ್ನೆರಡು ಕಳಿಸಿ. ಮಗಳ ಮನೆಯವರೂ ರುಚಿ ನೋಡಿ ಹೇಳಬೇಕಂತೆ."

ಒಳಗಿನಿಂದ ಅತ್ತಿಗೆ ಅಂದರು: "ಮಗಳ ಮನೆಗೆ ಎಷ್ಟು ಬಾಕ್ಸ್ ಬೇಕಂತೆ ಕೇಳು, ಅದರ ಮೇಲೆ ರೇಟು ಹೇಳೋಣ."