ಎರವಲು ಸಿಹಿ

ಮನುಷ್ಯನ ಮೈಯಲ್ಲಿ ಹರಿಯುವ ಸುಮಾರು ಐದು ಲೀಟರ್ ರಕ್ತದ ಸಕ್ಕರೆಯನ್ನೆಲ್ಲ ಸೋಸಿ ತೆಗೆದರೆ ಒಂದು ಚಮಚದಷ್ಟೇ ದೊರೆಯುತ್ತದೆಂಬುದು, ಹಬ್ಬದ ದಿನ ಎರಡು ಹೋಳಿಗೆ ಹೆಚ್ಚಿಗೆ ತಿಂದು ಹೆದರಿದವರಿಗೆ ನಂಬಲಾಗದ ಸಂಗತಿಯಾದರೂ, ಲೆಕ್ಕ ಸರಿಯಾಗಿಯೇ ಇದೆ. ಜನರು ‘ಗ್ಲೂಕೋಸ್ ಏರಿಸುವುದು’ ಎಂದು ಭಕ್ತಿಯಿಂದ ಕರೆಯುವ ಡ್ರಿಪ್ಪಿನ ಅರ್ಧ ಲೀಟರ್ ಬಾಟಲಿಯಲ್ಲಾದರೋ, ಅದು ಶೇ. 5ರ ಡೆಕ್ಸ್‌ಟ್ರೋಸ್, ಅಂದರೆ ನೀರಿನಲ್ಲಿ ಕರಗಿದ ಗ್ಲೂಕೋಸೇ ಆಗಿದ್ದರೆ, ಅಂಥ ಐದು ಚಮಚಗಳಿರುತ್ತವೆ. ಪ್ರಯೋಗಾಲಯದ ಅಳತೆಯಂತೆ 100 ಮಿಲಿಲೀಟರಿಗೆ ರಕ್ತದಲ್ಲಿ ಸುಮಾರು 100 ಮಿಲಿಗ್ರಾಂ, ಬಾಟಲಿಯಲ್ಲಿ 5000.

ಡ್ರಿಪ್ ಹರಿಯುತ್ತಿರುವ ತೋಳಿನಲ್ಲಿಯೇ, ಕ್ಯಾನುಲಾ ಎಂಬ ಪ್ಲಾಸ್ಟಿಕ್ ಕೊಳವೆಗಿಂತ ಮೇಲೆ, ಚುಚ್ಚುವುದು ಸುಲಭವೆಂದು ರಕ್ತ ತೆಗೆದರೆ, ಸಿರಿಂಜಿಗೆ ರೋಗಿಯ ಜೊತೆಗೆ ಬಾಟಲಿಯೂ ಬರುತ್ತದೆ. ನಿಜವಾದ ಸಕ್ಕರೆ 110 ಇರುವವನ ಮಾದರಿಯಲ್ಲಿ ಹತ್ತನೆಯ ಒಂದು ಪಾಲು ಡ್ರಿಪ್ಪಿನ ದ್ರವ ಸೇರಿದರೆ, ರಕ್ತದ ಪಾಲಿನಿಂದ 99, ಬಾಟಲಿಯ ಪಾಲಿನಿಂದ 500, ಒಟ್ಟು 599 ಎಂದು ಯಂತ್ರ ಮುದ್ರಿಸುತ್ತದೆ. ಯಂತ್ರದ ತಪ್ಪು ಇಲ್ಲಿ ಎಳ್ಳಷ್ಟೂ ಇಲ್ಲ. ಅದು ತನಗೆ ಕೊಟ್ಟ ಪಾನಕವನ್ನು ಪ್ರಾಮಾಣಿಕವಾಗಿ ಅಳೆದಿದೆ. ಆದರೆ ಈ ಅಂಕಿಯನ್ನು ನಂಬಿ ಇನ್ಸುಲಿನ್ ಕೊಟ್ಟರೆ ಅದು ಇಳಿಸುವುದು ಬಾಟಲಿಯ ಸಕ್ಕರೆಯನ್ನಲ್ಲ, ರೋಗಿಯ ಆ ಒಂದು ಚಮಚವನ್ನು.

ಬೆರಕೆಯ ಸುಳಿವು ಅದೇ ಮಾದರಿಯ ಉಳಿದ ಅಂಕಿಗಳಲ್ಲಿರುತ್ತದೆ. ಸೋಡಿಯಂ 140ರಿಂದ 126ಕ್ಕೆ, ಪೊಟ್ಯಾಸಿಯಂ 4.0ರಿಂದ 3.6ಕ್ಕೆ, ಕ್ಯಾಲ್ಸಿಯಂ 9.5ರಿಂದ ಸುಮಾರು 8.6ಕ್ಕೆ, ಹೀಗೆ ಎಲ್ಲವೂ ನೀರು ಬೆರೆಸಿದ ಹಾಲಿನಂತೆ ಒಂದೇ ಪ್ರಮಾಣದಲ್ಲಿ ತೆಳುವಾಗುತ್ತವೆ. ನಿಜವಾಗಿ ಸಕ್ಕರೆ ಏರಿದಾಗಲೂ ಜೀವಕೋಶಗಳಿಂದ ನೀರು ಹೊರಬಂದು ಸೋಡಿಯಂ ತಗ್ಗುವುದರಿಂದ ಅದೊಂದರ ಸಾಕ್ಷ್ಯ ಸಾಲದು. ಪರಸ್ಪರ ಸಂಬಂಧವಿಲ್ಲದ ನಾಲ್ಕಾರು ಅಂಶಗಳು ಹಿಂದಿನ ದಿನದ ವರದಿಗಿಂತ ಒಟ್ಟಿಗೇ ಕುಸಿದಿದ್ದರೆ ಮಾತ್ರ ಸಂಶಯ ಗಟ್ಟಿಯಾಗುತ್ತದೆ. ಬಾಟಲಿಯಲ್ಲಿರುವುದು ಡಿಎನ್‌ಎಸ್, ಅಂದರೆ ಡೆಕ್ಸ್‌ಟ್ರೋಸಿನೊಡನೆ ಉಪ್ಪೂ ಕರಗಿದ ದ್ರವವಾಗಿದ್ದರೆ ಪತ್ತೇದಾರಿಕೆ ಇನ್ನೂ ಕಷ್ಟ, ಏಕೆಂದರೆ ಅದರದೇ ಸೋಡಿಯಂ 154 ಇರುವುದರಿಂದ ಮಾದರಿಯ ಸೋಡಿಯಂ 141ರ ಆಸುಪಾಸಿನಲ್ಲಿ ಏನೂ ಅರಿಯದ ಸಭ್ಯನಂತೆ ಕುಳಿತಿರುತ್ತದೆ, ಪೊಟ್ಯಾಸಿಯಂ ಮತ್ತು ಕ್ಯಾಲ್ಸಿಯಂಗಳಷ್ಟೇ ಗುಟ್ಟು ಬಿಟ್ಟುಕೊಡುತ್ತವೆ.

ಪರಿಹಾರ ಇನ್ನೊಂದು ತೋಳಿನಲ್ಲಿದೆ. ದೇವರು ಎರಡು ಕೊಟ್ಟಿರುವುದಕ್ಕೆ ಇದೂ ಒಂದು ಕಾರಣವಿರಬಹುದು. ಎರಡರಲ್ಲೂ ಡ್ರಿಪ್ ಇದ್ದರೆ, ವೈದ್ಯರ ಒಪ್ಪಿಗೆಯಿಂದ ಅದನ್ನು ಕನಿಷ್ಠ ಎರಡು ನಿಮಿಷ ನಿಲ್ಲಿಸಿ, ಕ್ಯಾನುಲಾದ ಕೆಳಗೆ ಪಟ್ಟಿ ಬಿಗಿದು, ಅದಕ್ಕೂ ಕೆಳಗಿನ ಬೇರೆ ರಕ್ತನಾಳದಿಂದ ತೆಗೆದು, ಮೊದಲ 5 ಮಿಲಿಲೀಟರನ್ನು ಚೆಲ್ಲುವುದು ರೂಢಿ. ಮೇಲಿನ ರೋಗಿಯ ಡ್ರಿಪ್ಪಿಲ್ಲದ ಕೈಬೆರಳಿನ ಒಂದು ಹನಿಯನ್ನು ಗ್ಲುಕೋಮೀಟರಿಗೆ ಮುಟ್ಟಿಸಿದರೆ ಅದು 110ರ ಆಸುಪಾಸಿನ ಅಂಕಿಯನ್ನು ತೋರಿಸುತ್ತದೆ, ಇನ್ಸುಲಿನ್ ಸೀಸೆ ಮರಳಿ ಫ್ರಿಜ್ ಸೇರುತ್ತದೆ.