ಗುರುಗಳಿಗೊಂದು ಗೇಟ್ ಪತ್ರ

ಮಾನ್ಯ ಸರ್,

ಮೂರನೇ ವರ್ಷದಲ್ಲೇ ಗೇಟ್ ಬರೆಯಬಹುದು ಎಂದು ಹುರಿದುಂಬಿಸಿದವರು ನೀವು. ಬರೆದು ಕಟ್-ಆಫ್‌ಗಿಂತ ಕೆಳಗೆ ಬಿದ್ದವನು ನಾನು. ಈಗ ಅಂತಿಮ ವರ್ಷ. ಹಗಲು ಪ್ಲೇಸ್‌ಮೆಂಟು, ಸಂಜೆ ಪ್ರಾಜೆಕ್ಟು, ರಾತ್ರಿ ಮತ್ತೆ ಗೇಟ್. ಹೀಟ್ ಟ್ರಾನ್ಸ್‌ಫರ್ ಪುಸ್ತಕದ ಮೇಲೆ ತಲೆಯಿಟ್ಟು ಮಲಗುತ್ತೇನೆ. ಪುಸ್ತಕ ಬೆಚ್ಚಗಾಗುತ್ತದೆ, ತಲೆಗೆ ಏನೂ ಹರಿಯುವುದಿಲ್ಲ.

ಮನೆಯಲ್ಲಿ ತೀರ್ಪು ಆಗಿಹೋಗಿದೆ: "ಗೊತ್ತಿಲ್ಲದ್ದಕ್ಕೆಲ್ಲ ಕಣ್ಣುಮುಚ್ಚಿ ಟಿಕ್ ಹಾಕಿದ್ದಾನೆ, ನೆಗೆಟಿವ್ ಮಾರ್ಕ್ಸ್ ನುಂಗಿಹಾಕಿದೆ." ನೆಗೆಟಿವ್ ಮಾರ್ಕ್ಸ್ ಪರವಾಗಿ ಎರಡು ಮಾತು ಆಡಲೇಬೇಕು. ನಾಲ್ಕು ಆಯ್ಕೆಯ ಒಂದು ಅಂಕದ ಪ್ರಶ್ನೆ ತಪ್ಪಾದರೆ ಅಂಕದ ಮೂರನೇ ಒಂದು ಭಾಗ ಹೋಗುತ್ತದೆ. ಅಂಥ ನಾಲ್ಕಕ್ಕೆ ಕುರುಡಾಗಿ ಒತ್ತಿದರೆ ಸರಾಸರಿ ಒಂದು ಸರಿ, ಮೂರು ತಪ್ಪು. ಬಂದದ್ದು ಒಂದು, ಹೋದದ್ದೂ ಒಂದು. ನಷ್ಟವೆಲ್ಲಿ? ಖಂಡಿತ ತಪ್ಪಾದ ಒಂದು ಆಯ್ಕೆಯನ್ನು ಮೊದಲೇ ಹೊಡೆದುಹಾಕಿದರಂತೂ ಲಾಭವೇ. ಅಪ್ಪನಿಗೆ ಇದನ್ನು ವಿವರಿಸಿದೆ. "ಲೆಕ್ಕ ಇಷ್ಟು ಚೆನ್ನಾಗಿ ಬರುತ್ತಲ್ಲ, ಅಲ್ಲೇ ಮಾಡಬೇಕಿತ್ತು" ಅಂದರು.

ನನ್ನ ಉತ್ತರಗಳನ್ನು ಕೀ ಉತ್ತರಗಳ ಪಕ್ಕದಲ್ಲಿಟ್ಟು ನೋಡಿದಾಗ ನಿಜವಾದ ಕಳ್ಳ ಸಿಕ್ಕಿದ. ಆಯ್ಕೆಗಳೇ ಇಲ್ಲದ, ಉತ್ತರವನ್ನು ನಾವೇ ನಮೂದಿಸುವ ಪ್ರಶ್ನೆಗಳು. ಅವಕ್ಕೆ ನೆಗೆಟಿವ್ ಇಲ್ಲ ಎಂಬ ಧೈರ್ಯದಲ್ಲಿ ನಾನು ಮೈಮರೆತಿದ್ದೆ. ಪರೀಕ್ಷಾ ಕೊಠಡಿಗೆ ನಮ್ಮ ಕ್ಯಾಲ್ಕುಲೇಟರ್ ಒಯ್ಯುವಂತಿಲ್ಲ. ಪರದೆಯ ಮೇಲಿನದರಲ್ಲಿ ಮೌಸ್‌ನಿಂದ ಒಂದೊಂದೇ ಅಂಕಿ ಒತ್ತಬೇಕು. ಪ್ರಶ್ನೆ ಕಾಣಬೇಕಾದ ಜಾಗದಲ್ಲೇ ಅದು ಬಂದು ಕೂರುತ್ತದೆ.

ಒಂದು ಮಾದರಿ ಹೇಳುತ್ತೇನೆ. ಕಂಪಿಸುವ ವಸ್ತುವಿನ ಸ್ಥಾನ x = 10 sin(2t) ಮಿಲಿಮೀಟರ್; ಅರ್ಧ ಸೆಕೆಂಡಿಗೆ ಎಷ್ಟು? ಬೇಕಾದದ್ದು sin(1), ಅದೂ ರೇಡಿಯನ್‌ನಲ್ಲಿ. ಉತ್ತರ 8.41. ಗುಂಡಿ Deg ಮೇಲಿದ್ದರೆ ಬರುವುದು 0.17. ಹತ್ತು ಮಿಲಿಮೀಟರ್ ತೂಗಾಡಬೇಕಾದದ್ದು ಕದಲುವುದೇ ಇಲ್ಲ ಎಂದು ಕಂಡರೂ ನನಗೆ ಅನುಮಾನ ಬರಲಿಲ್ಲವಲ್ಲ, ಸರ್! ಸೂತ್ರ ಸರಿ, ವಿಧಾನ ಸರಿ, ಅಂಕ ಸೊನ್ನೆ. ವಿ.ವಿ. ಪರೀಕ್ಷೆಯಲ್ಲಾಗಿದ್ದರೆ 'ಸ್ಟೆಪ್ಸ್'ಗಾದರೂ ಅರ್ಧ ಮಾರ್ಕ್ಸ್ ಬೀಳುತ್ತಿತ್ತು. ಇಲ್ಲಿ ನನ್ನ ಸ್ಟೆಪ್ಸ್ ನೋಡುವವರೇ ಇಲ್ಲ.

ಹಾಗಾಗಿ ನನ್ನ ಕೋರಿಕೆ ಇಷ್ಟೇ. ನಮ್ಮ ಮೆಕ್ಯಾನಿಕಲ್ ಪತ್ರಿಕೆಯಲ್ಲಿ ಆಪ್ಟಿಟ್ಯೂಡ್‌ಗೆ 15, ಗಣಿತಕ್ಕೆ 13 ಅಂಕ. ಫೆಬ್ರವರಿಯೊಳಗೆ ಇಡೀ ಸಿಲಬಸ್ ಮುಗಿಸುತ್ತೇನೆಂದು ನಿಮಗೆ ಸುಳ್ಳು ಹೇಳಲಾರೆ. ಈ 28ನ್ನು ಗಟ್ಟಿ ಮಾಡಿಕೊಂಡು, ಹಳೆಯ ಪ್ರಶ್ನೆಪತ್ರಿಕೆಗಳನ್ನು ಅದೇ ಹಾಳು ಕ್ಯಾಲ್ಕುಲೇಟರ್‌ನಲ್ಲಿ ಮೂರು ಗಂಟೆ ಕೂತು ಬಿಡಿಸಲೇ? ಯಾವ ವಿಷಯವನ್ನು ಧೈರ್ಯವಾಗಿ ಕೈಬಿಡಲಿ? ಓದು ಎನ್ನುವವರು ಬೇಕಾದಷ್ಟು ಜನರಿದ್ದಾರೆ. ಯಾವುದನ್ನು ಓದಬೇಡ ಎಂದು ಹೇಳುವ ಅಧಿಕಾರ ಇರುವುದು ನಿಮಗೊಬ್ಬರಿಗೇ. ಭಾನುವಾರ ಉತ್ತರಗಳ ಪ್ರಿಂಟ್ ಹಿಡಿದು ಮನೆಗೆ ಬರುತ್ತೇನೆ. ದಯವಿಟ್ಟು ಕೆಂಪು ಪೆನ್ನು ಹುಡುಕಿಟ್ಟಿರಿ.

ನಿಮ್ಮ ವಿದ್ಯಾರ್ಥಿ