ಗುಳಿಗೆಯ ಬಾಲದಲ್ಲೊಂದು ಎಚ್

ಗೌಟ್ ಎಂಬ ಕೀಲುನೋವಿಗೆ ಹಿಂದಿನಿಂದಲೂ ‘ರಾಜರ ರೋಗ’ ಎಂಬ ಬಿರುದಿದೆ. ನಮ್ಮ ಕಡೆ ರಾಜರಿಗೆ ಬರವಿರಲಿಲ್ಲ. ಜಮಖಂಡಿಗೆ ಪಟವರ್ಧನರಿದ್ದರು, ಮುಧೋಳಕ್ಕೆ ಘೋರ್ಪಡೆಯವರಿದ್ದರು. 1948ರಲ್ಲಿ ಎರಡೂ ಸಂಸ್ಥಾನಗಳು ವಿಲೀನವಾದವು. ಆಮೇಲೆ ಪ್ರಜೆಗಳಿಗೆ ಏನೇನು ಹಂಚಿಕೆಯಾಯಿತೋ ಬಿಟ್ಟಿತೋ, ರಾಜರ ರೋಗವಂತೂ ತಕರಾರಿಲ್ಲದೆ ಮನೆಮನೆಗೆ ತಲುಪುತ್ತಿದೆ. ಅದಕ್ಕೀಗ ಅರಮನೆಯ ಔತಣವೂ ಬೇಕಿಲ್ಲ. ಬಿಪಿ ಇಳಿಯಲಿ ಎಂದು ಬೆಳಿಗ್ಗೆ ಚಹಾದ ಜೊತೆ ನುಂಗುವ ಗುಳಿಗೆಯೇ ಕೆಲವರಿಗೆ ಆ ಯೋಗ ಒದಗಿಸುತ್ತದೆ.

ಬನಹಟ್ಟಿಯ ಒಬ್ಬ ನೇಕಾರ ಕಾಕಾನನ್ನು ತೆಗೆದುಕೊಳ್ಳಿ. ಹೆಸರು ಬೇಡ, ರಬಕವಿಯಲ್ಲೂ ಬೀಳಗಿಯಲ್ಲೂ ಓಣಿಗೊಬ್ಬ ಇಂಥ ಕಾಕಾ ಸಿಗುತ್ತಾರೆ. ವಯಸ್ಸು ಐವತ್ತೈದು, ಬಿಪಿ 164/100. ಅಮ್ಲೋಡಿಪಿನ್ ಶುರುವಾಯಿತು. 5 ಮಿಲಿಗ್ರಾಂ ಸಾಲದೆ 10 ಆಯಿತು. ಬಿಪಿ ಇಳಿಯಿತು, ಆದರೆ ಸಂಜೆಯಾದರೆ ಪಾದ ಬಾತು ಚಪ್ಪಲಿ ಬಿಗಿಯತೊಡಗಿತು. ಇದು ಆ ಗುಳಿಗೆಯದೇ ಗುಣ. ಅದು ಸಣ್ಣ ರಕ್ತನಾಳಗಳನ್ನು ಹಿಗ್ಗಿಸುವುದರಿಂದ ದ್ರವ ಕಾಲಿನ ಮಾಂಸಕ್ಕೆ ಜಿನುಗುತ್ತದೆ. ಮೈಯಲ್ಲಿ ನೀರು ಹೆಚ್ಚಾಗಿರುವುದಿಲ್ಲ. ಅಮ್ಲೋಡಿಪಿನ್ ಪ್ರಮಾಣ ಇಳಿಸಿದರೆ ಬಾವೂ ಇಳಿಯುತ್ತದೆ. ಆದರೆ ನಮ್ಮಲ್ಲಿ ಯಾವುದನ್ನಾದರೂ ಇಳಿಸುವ ವಾಡಿಕೆ ಎಲ್ಲಿದೆ? “ಕಾಲಿಗೆ ನೀರ ಇಳದಾವ, ನೀರ ಹೋಗೂ ಗುಳಗಿ ಕೂಡಿಸೂಣ” ಎಂದಾಯಿತು. ಹಳೆಯದರ ಜೊತೆಗೆ ಹೊಸದೊಂದು ಬಂತು, ಹೆಸರಿನ ಬಾಲದಲ್ಲಿ ‘ಎಚ್’ ಇರುವಂಥದ್ದು. ಒಳಗೆ ಟೆಲ್ಮಿಸಾರ್ಟನ್ 40, ಹೈಡ್ರೋಕ್ಲೋರೋಥಯಾಜೈಡ್ 12.5.

ಆ ಎಚ್ ಎಂಬುದೇ ಥಯಾಜೈಡ್. ಅದರ ಅಣ್ಣ ಕ್ಲೋರ್ಥಾಲಿಡೋನ್ ಕೆಲವು ಪಟ್ಟಿಗಳ ಮೇಲೆ ‘ಸಿಟಿ’ ಎಂಬ ಬಾಲವಾಗಿ ಕೂತಿರುತ್ತದೆ. ಇಂಡಪಮೈಡ್ ಎಂಬ ಇನ್ನೊಬ್ಬ ನೆಂಟನೂ ಇದೇ ಸ್ವಭಾವದವನು. ಇವು ಮೂತ್ರಪಿಂಡದಿಂದ ಉಪ್ಪನ್ನೂ ನೀರನ್ನೂ ಹೊರಹಾಕುತ್ತವೆ. ಮೈ ಕೊಂಚ ಒಣಗುತ್ತದೆ. ಒಣಗಿದ ಮೈ ಗಾಬರಿಯಾಗಿ, ಇನ್ನೊಂದು ಕಡೆಯಿಂದ ಉಪ್ಪನ್ನು ಹಿಂದಕ್ಕೆ ಎಳೆದುಕೊಳ್ಳುತ್ತದೆ, ಆ ಜಗ್ಗಾಟದಲ್ಲಿ ಹೊರಟಿದ್ದ ಯೂರಿಕ್ ಆಮ್ಲವೂ ಮರಳಿ ರಕ್ತಕ್ಕೆ ಸೇರುತ್ತದೆ. ಸಾಲದ್ದಕ್ಕೆ, ಯೂರಿಕ್ ಆಮ್ಲ ಮೂತ್ರಕ್ಕೆ ಇಳಿಯುವ ದಾರಿಯಲ್ಲೇ ಥಯಾಜೈಡ್ ಕೂಡ ಇಳಿಯಬೇಕು. ಹಂಗಾಮಿನಲ್ಲಿ ಸಕ್ಕರೆ ಕಾರ್ಖಾನೆಯ ಗೇಟು ನೋಡಿದವರಿಗೆ ಬಿಡಿಸಿ ಹೇಳಬೇಕಿಲ್ಲ: ಗೇಟು ಒಂದೇ, ಟ್ರ್ಯಾಕ್ಟರು ಎರಡು, ಮೊದಲಿನದು ನುಗ್ಗಿದರೆ ಎರಡನೆಯದು ರಸ್ತೆಯಲ್ಲೇ ರಾತ್ರಿ ಕಳೆಯಬೇಕು.

ರಕ್ತದ ಡೆಸಿಲೀಟರಿಗೆ 6.8 ಮಿಲಿಗ್ರಾಂ ದಾಟಿದರೆ ಯೂರಿಕ್ ಆಮ್ಲ ಪೂರ್ತಿ ಕರಗಿರಲಾರದು, ಸೂಜಿಯಂಥ ಹರಳು ಕಟ್ಟಬಹುದು. ಮೈಯ ತಣ್ಣನೆಯ ತುದಿಗಳಲ್ಲಿ ಇದು ಇನ್ನೂ ಸುಲಭ. ಅದಕ್ಕೇ ಹೆಬ್ಬೆರಳಿನ ಬುಡ ಹರಳಿಗೆ ಅಚ್ಚುಮೆಚ್ಚು. ಎಲ್ಲರಿಗೂ ಹೀಗಾಗುವುದಿಲ್ಲ, ಯೂರಿಕ್ ಆಮ್ಲ ಏರಿದವರಲ್ಲಿ ಬಹುಪಾಲು ಜನರಿಗೆ ಗೌಟ್ ಬರುವುದೇ ಇಲ್ಲ. ಥಯಾಜೈಡ್ ಪ್ರಮಾಣ ಕಡಿಮೆಯಿದ್ದಷ್ಟೂ ಏರಿಕೆಯೂ ಕಡಿಮೆ. ಆದರೆ ಮೊದಲೇ ಅಂಚಿನಲ್ಲಿ ನಿಂತವನಿಗೆ 12.5 ಮಿಲಿಗ್ರಾಮೂ ಸಾಕಾಗಬಹುದು.

ಕಾಕಾ ಅಂಚಿನಲ್ಲೇ ನಿಂತಿದ್ದರು. ಬೇಸಿಗೆಯ ಒಂದು ನಡುರಾತ್ರಿ ಹೆಬ್ಬೆರಳು ಕೆಂಪಗಾಗಿ, ಹೊದ್ದ ಚಾದರ ತಾಗಿದರೂ ಚೀರುವಂತಾಯಿತು. ಮುಂಜಾನೆ ಮನೆಯಲ್ಲೇ ವಿಚಾರಣೆ. ಮೊದಲ ಆರೋಪಿ ಉಳುಕು; ಉಳುಕು ತೆಗೆಯುವವರನ್ನು ಕರೆಸಿ ತಿಕ್ಕಿಸಿದರು, ಬಾವು ಪಾದಕ್ಕೂ ಏರಿತು. ಎರಡನೆಯ ಆರೋಪಿ ನಂಜು. ಬದನೆಕಾಯಿ ಎಣ್ಣೆಗಾಯಿಗೆ ಗಡೀಪಾರು, ಬ್ಯಾಳಿ ಬಂದ್, ಮಡಕಿಕಾಳು ಪಲ್ಲೆ ಬಂದ್. “ಕಾಳು ತಿಂದ್ರ ಯೂರಿಕ್ ಏರತೈತ್ರಿ” ಎಂದು ಪಕ್ಕದ ಮನೆಯವರು ಸಾಕ್ಷಿ ನುಡಿದರು. ಬೇಳೆ, ಕಾಳು, ಕಾಯಿಪಲ್ಲೆ ತಿನ್ನುವವರಲ್ಲಿ ಗೌಟ್ ಹೆಚ್ಚುವುದು ಅಧ್ಯಯನಗಳಲ್ಲಿ ಕಂಡಿಲ್ಲ ಎಂದು ಹೇಳಲು ಪಾಪ, ಮಡಕಿಕಾಳಿಗೆ ವಕೀಲರಿರಲಿಲ್ಲ. ನಿಜವಾಗಿ ಕಟಕಟೆ ಹತ್ತಬೇಕಾದವು ಬಿಯರು, ಕಲೇಜಿ, ಮಟನ್ನು. ಮತ್ತೊಂದಿದೆ, ಅದನ್ನು ನಮ್ಮ ಕಡೆ ಮೆಲ್ಲಗೆ ಹೇಳಬೇಕು: ಕಬ್ಬಿನ ಹಾಲು. ಸಕ್ಕರೆಯ ಅರ್ಧಭಾಗ ಫ್ರಕ್ಟೋಸ್. ಯಕೃತ್ತಿನಲ್ಲಿ ಅದನ್ನು ಅರಗಿಸುವ ಅವಸರದಲ್ಲಿ ಯೂರಿಕ್ ಆಮ್ಲ ಹುಟ್ಟುತ್ತದೆ. ಮಹಾಲಿಂಗಪುರದ ಬೆಲ್ಲಕ್ಕೂ ಇದರಿಂದ ರಿಯಾಯಿತಿ ಇಲ್ಲ. ಟನ್ನಿಗೆ ಎಷ್ಟು ಎಂದು ಹೆದ್ದಾರಿಯಲ್ಲಿ ಕೂತು ಕೇಳುವ ನಾವು, ಡೆಸಿಲೀಟರಿಗೆ ಎಷ್ಟು ಎಂದು ಕೇಳಿದವರಲ್ಲ.

ಇಷ್ಟೆಲ್ಲ ವಿಚಾರಣೆ ನಡೆಯುವಾಗ ಎಚ್ ಬಾಲದ ಗುಳಿಗೆ ಕಾಕಾನ ಅಂಗಿ ಕಿಸೆಯಲ್ಲಿ ಸಂಭಾವಿತನಂತೆ ಕೂತಿತ್ತು. ಔಷಧವನ್ನು ಯಾರು ಅನುಮಾನಿಸುತ್ತಾರೆ?

ಮುಂದಿನ ಅಂಕ ಆಸ್ಪತ್ರೆಯದು. ನೋವಿನ ನಡುವೆಯೇ ರಕ್ತ ತೆಗೆದರು, ಯೂರಿಕ್ ಆಮ್ಲ 6.4 ಬಂತು. “ನಾರ್ಮಲ್ ಐತಿ, ಇದು ಗೌಟ್ ಅಲ್ಲ.” ನೋವು ಭುಗಿಲೆದ್ದಾಗ ರಕ್ತದ ಮಟ್ಟ ತಾತ್ಕಾಲಿಕವಾಗಿ ಇಳಿಯುವುದುಂಟು. ಅದಕ್ಕೇ ನೋವು ತಣಿದು ಎರಡು ವಾರವಾದ ಮೇಲೆ ಮತ್ತೆ ನೋಡಬೇಕು. ನೋಡಲಿಲ್ಲ. ಡೈಕ್ಲೋಫೆನಾಕ್ ಸೂಜಿ ಚುಚ್ಚಿದರು, ಆರಾಮೆನಿಸಿತು. ಆಮೇಲೆ ಕಾಕಾ ಅದೇ ಔಷಧದ ಗುಳಿಗೆಯನ್ನು ಅಂಗಡಿಯಿಂದ ತಾವೇ ತಂದು ವಾರಗಟ್ಟಲೆ ನುಂಗಿದರು. ಇಲ್ಲಿ ನಗುವುದನ್ನು ಕೊಂಚ ನಿಲ್ಲಿಸಬೇಕು. ಟೆಲ್ಮಿಸಾರ್ಟನ್ ಜಾತಿಯ ಗುಳಿಗೆ, ನೀರು ಹೊರಹಾಕುವ ಗುಳಿಗೆ, ನೋವಿನ ಗುಳಿಗೆ, ಈ ಮೂರೂ ಒಂದೇ ಹೊಟ್ಟೆಗೆ ಬಿದ್ದರೆ ಮೂತ್ರಪಿಂಡಕ್ಕೆ ಮೂರು ಕಡೆಯಿಂದ ಪೆಟ್ಟು. ಬೇಸಿಗೆಯಲ್ಲಿ ನೀರು ಕಡಿಮೆ ಕುಡಿದವರಿಗೆ ಇನ್ನೂ ಕೆಟ್ಟದ್ದು. ಕಾಕಾನ ಕ್ರಿಯಾಟಿನಿನ್ 1.1 ಇದ್ದದ್ದು 1.6 ಆಯಿತು. ನೋವಿನ ಗುಳಿಗೆಗೆ ಬಿಪಿಯೂ ಏರಿತು. ಏರಿದ ಬಿಪಿಗೆ ಮತ್ತೊಂದು ಗುಳಿಗೆ ಬರೆಯುವವರಿದ್ದರು.

ಅಷ್ಟರಲ್ಲಿ ಜಮಖಂಡಿಯ ಒಬ್ಬ ಹಿರಿಯ ಫಿಜಿಶಿಯನ್ ಯಾರೂ ಕೇಳದ ಪ್ರಶ್ನೆ ಕೇಳಿದರು.

“ಯಾವ್ಯಾವ ಗುಳಗಿ ತಗೋತೀರಿ ಯಜಮಾನ್ರ? ಎಲ್ಲಾ ಇಲ್ಲೆ ಟೇಬಲ್ ಮ್ಯಾಲ ಇಡ್ರಿ.”

“ಒಂದು ಬಿಳಿದು, ಒಂದು ಗುಲಾಬಿ ಬಣ್ಣದ್ದು ಐತ್ರೀ ಸಾಹೇಬ್ರ.”

ಪಟ್ಟಿ ನೋಡಿದರೆ ಅದರಲ್ಲೂ ಅರ್ಧವೇ ಉಳಿದಿತ್ತು. ಅಂಗಡಿಯವರು ನಾಲ್ಕು ದಿನಕ್ಕೆ ನಾಲ್ಕು ಗುಳಿಗೆ ಕತ್ತರಿಸಿ ಕೊಟ್ಟಾಗ ಹೆಸರು ಇನ್ನೊಬ್ಬರ ಪಾಲಿಗೆ ಹೋಗಿತ್ತು. ಬೆಳಕಿಗೆ ಹಿಡಿದು ಓದಿದಾಗ ಕೊನೆಯ ಎಚ್ ಮಾತ್ರ ಕಂಡಿತು. ಅಷ್ಟೇ ಸಾಕಾಯಿತು.

ಮೊದಲು ನೋವಿನ ಗುಳಿಗೆ ನಿಂತಿತು, ಎಚ್ ನಿಂತಿತು. ಮೂತ್ರಪಿಂಡ ಸೋತಿದ್ದರಿಂದ ಭುಗಿಲೆದ್ದ ಕೀಲಿಗೆ ಐದು ದಿನ ಪ್ರೆಡ್ನಿಸೋಲೋನ್. ಮೂತ್ರಪಿಂಡ ಗಟ್ಟಿಯಿದ್ದಿದ್ದರೆ ಕಡಿಮೆ ಪ್ರಮಾಣದ ಕೊಲ್ಚಿಸಿನ್ ಕೊಡಬಹುದಿತ್ತು. ಮೂರು ವಾರದ ಮೇಲೆ ಕ್ರಿಯಾಟಿನಿನ್ ಮರಳಿ 1.1, ಯೂರಿಕ್ ಆಮ್ಲ 8. ಆಗ ಟೆಲ್ಮಿಸಾರ್ಟನ್ ತೆಗೆದು ಅದರ ಜಾಗದಲ್ಲಿ ಲೋಸಾರ್ಟನ್ 50 ಇಟ್ಟರು. ಎರಡು ಸಾರ್ಟನ್‌ಗಳನ್ನು ಕೂಡಿಸಿ ನುಂಗುವಂತಿಲ್ಲ. ಸಾರ್ಟನ್‌ಗಳಲ್ಲಿ ಲೋಸಾರ್ಟನ್‌ಗೆ ಒಂದು ವಿಶೇಷ ಗುಣವಿದೆ. ಮೂತ್ರಪಿಂಡ ಯೂರಿಕ್ ಆಮ್ಲವನ್ನು ಹಿಂದಕ್ಕೆ ಹೀರುವ ಬಾಗಿಲನ್ನೇ ಅದು ಸ್ವಲ್ಪ ಮುಚ್ಚುತ್ತದೆ. ಟೆಲ್ಮಿಸಾರ್ಟನ್‌ಗೆ ಈ ವಿದ್ಯೆ ಅಷ್ಟಾಗಿ ಬರುವುದಿಲ್ಲ. ಅಮ್ಲೋಡಿಪಿನ್ 10ರಿಂದ 5ಕ್ಕೆ ಇಳಿಯಿತು; ಆ ಗುಳಿಗೆಯಿಂದಲೂ ಗೌಟ್‌ಗೆ ಅನುಕೂಲವೇ ಹೊರತು ಕೇಡಿಲ್ಲ. ಪಾದದ ಬಾವು ಯಾವ ನೀರಿನ ಗುಳಿಗೆಯೂ ಇಲ್ಲದೆ ಇಳಿಯಿತು. ಒಂದೂವರೆ ತಿಂಗಳ ಮೇಲೆ ಬಿಪಿ 134/82, ಯೂರಿಕ್ ಆಮ್ಲ 6.7.

“ಮತ್ತ ಯೂರಿಕ್ ಇಳಿಸೂ ಗುಳಗಿ ಬರದು ಕೊಡೂದಿಲ್ಲೇನ್ರಿ?” ಕಾಕಾಗೆ ನಿರಾಸೆ. ಚೀಟಿ ಉದ್ದವಿಲ್ಲದಿದ್ದರೆ ಡಾಕ್ಟರು ಸಣ್ಣವರು ಎಂಬುದು ನಮ್ಮ ಅಳತೆ. ಬಂದದ್ದು ಒಂದೇ ಸಲ, ಕಲ್ಲಿಲ್ಲ, ಮೂತ್ರಪಿಂಡ ಚೇತರಿಸಿದೆ, ಮಟ್ಟ 9 ದಾಟಿಲ್ಲ. ಹೀಗಿದ್ದಾಗ ಅಲೋಪ್ಯೂರಿನಾಲ್ ತಕ್ಷಣ ಬೇಕಿಲ್ಲ. ವರ್ಷದಲ್ಲಿ ಎರಡು ಸಲ ಬಂದರೆ ಬೇಕು. ಆಗಲೂ 100 ಮಿಲಿಗ್ರಾಂ ಅಥವಾ ಅದಕ್ಕೂ ಕಡಿಮೆಯಿಂದ ಶುರುಮಾಡಿ, ಮಟ್ಟ 6ಕ್ಕಿಂತ ಕೆಳಗಿಳಿಯುವವರೆಗೆ ನಿಧಾನವಾಗಿ ಏರಿಸಬೇಕು, ಮೊದಲ ಕೆಲವು ತಿಂಗಳು ಕೊಲ್ಚಿಸಿನ್ ಕಾವಲಿರಬೇಕು. ಮಟ್ಟ ಏಕಾಏಕಿ ಇಳಿದರೂ ಕೀಲು ಭುಗಿಲೇಳುತ್ತದೆ. ಮೈಮೇಲೆ ಗಂಧೆ ಎದ್ದರೆ ಅಲೋಪ್ಯೂರಿನಾಲ್ ಅನ್ನು ಆ ದಿನವೇ ನಿಲ್ಲಿಸಿ ಡಾಕ್ಟರ ಬಳಿ ಓಡಬೇಕು. ಇನ್ನು ನೋವೇ ಇಲ್ಲದೆ, ಬರೀ ರಿಪೋರ್ಟಿನಲ್ಲಿ 7.5 ಕಂಡಿತೆಂದು ವರ್ಷಗಟ್ಟಲೆ ಗುಳಿಗೆ ನುಂಗುವವರೂ ಇದ್ದಾರೆ. ಅವರಿಂದ ಲಾಭ ಅಂಗಡಿಗೆ ಮಾತ್ರ.

ಇಷ್ಟು ಓದಿ ಥಯಾಜೈಡ್ ಎಂದರೆ ವಿಷ ಎಂದು ವಾಟ್ಸಾಪಿನಲ್ಲಿ ಹರಿಬಿಡಲು ಹೊರಟವರು ಒಂದು ಗಳಿಗೆ ತಡೆಯಿರಿ. 1950ರ ದಶಕದ ಕೊನೆಗೆ ಬಂದ ಈ ಅಗ್ಗದ ಔಷಧ ಲಕ್ವ ತಪ್ಪಿಸುವುದರಲ್ಲಿ ಎತ್ತಿದ ಕೈ. 1991ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಪರೀಕ್ಷೆಯಲ್ಲಿ ಕ್ಲೋರ್ಥಾಲಿಡೋನ್‌ನಿಂದ ಶುರುವಾದ ಚಿಕಿತ್ಸೆ ವೃದ್ಧರ ಲಕ್ವವನ್ನು ಮೂರರಲ್ಲೊಂದು ಪಾಲಿಗಿಂತ ಹೆಚ್ಚು ತಗ್ಗಿಸಿತ್ತು. ಮೂರು ಗುಳಿಗೆಗೂ ಬಗ್ಗದ ಬಿಪಿಯವರಿಗೆ ಅದು ಬೇಕೇ ಬೇಕಾಗಬಹುದು. ಆಗ ಡಾಕ್ಟರು ಪ್ರಮಾಣ ಇಳಿಸುತ್ತಾರೆ, ಇಲ್ಲವೆ ಅದನ್ನು ಉಳಿಸಿಕೊಂಡೇ ಅಲೋಪ್ಯೂರಿನಾಲ್ ಸೇರಿಸುತ್ತಾರೆ, ಇಲ್ಲವೆ ಪೊಟ್ಯಾಸಿಯಂ ಮೇಲೆ ಕಣ್ಣಿಟ್ಟು ಸ್ಪೈರೊನೊಲ್ಯಾಕ್ಟೋನ್ ಕೊಡುತ್ತಾರೆ. ಹೃದಯ ಸೋತವರ ನೀರಿನ ಗುಳಿಗೆಯನ್ನಂತೂ ಹೆಬ್ಬೆರಳಿನ ಮಾತು ಕೇಳಿ ನಿಲ್ಲಿಸಲಾಗದು. ಹೃದಯಕ್ಕೆಂದು ಕೊಟ್ಟ ಸಣ್ಣ ಆಸ್ಪಿರಿನ್ನೂ ಯೂರಿಕ್ ಆಮ್ಲ ಏರಿಸುತ್ತದೆ, ಹಾಗೆಂದು ಅದನ್ನು ಬಿಡುವಂತಿಲ್ಲ.

ಕಾಕಾ ಈಗ ಮಗ್ಗದ ಮುಂದೆ ನಿಲ್ಲುತ್ತಾರೆ, ಕಾಳು ಪಲ್ಲೆ ತಿನ್ನುತ್ತಾರೆ, ಕಬ್ಬಿನ ಹಾಲಿನ ವಿಷಯದಲ್ಲಿ ಮಾತ್ರ ಹೆಂಡತಿಗೆ ಸುಳ್ಳು ಹೇಳುತ್ತಾರೆ. ನಿಮ್ಮ ಹೆಬ್ಬೆರಳು ನಡುರಾತ್ರಿ ಕೆಂಪಾದರೆ ಬಿಪಿ ಗುಳಿಗೆಯನ್ನು ನೀವಾಗಿಯೇ ನಿಲ್ಲಿಸಬೇಡಿ, ನೋವಿನ ಗುಳಿಗೆಯನ್ನು ನೀವಾಗಿಯೇ ಶುರುಮಾಡಬೇಡಿ. ಅಂಗಡಿಯವರಿಂದ ಹೆಸರಿರುವ ಪಟ್ಟಿಯನ್ನೇ ಕೇಳಿ ಪಡೆಯಿರಿ, ಅದನ್ನು ಡಾಕ್ಟರ ಟೇಬಲ್ ಮೇಲಿಟ್ಟು, “ಇದರಾಗ ಎಚ್ ಐತೇನ್ರಿ? ಬದಲಿ ಏನರ ಆಗತೈತೇನು?” ಎಂದು ಕೇಳಿರಿ.